ಜಕ್ಕಪ್ಪ ಬಿಚ್ಚಿದ ಭಂಡಾರದ ಗಂಟು

ತೇರದಾಳದ ಪೇಟೆಯಲ್ಲಿ ಗೊಬ್ಬರದ ಅಂಗಡಿಗಳು ಬೇಕಾದಷ್ಟಿವೆ. ಆದರೆ ಕುರಿಗೊಬ್ಬರ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಹೋದ ವರ್ಷದವರೆಗೂ ಜನ ಬೊಟ್ಟು ಮಾಡುತ್ತಿದ್ದುದು ತಾತ್ಯಾಸಾಹೇಬರ ಅಂಗಡಿಗೆ. ಅಂಗಡಿ ತಾತ್ಯಾಸಾಹೇಬರದು, ಗೊಬ್ಬರ ಜಕ್ಕಪ್ಪನದು. ಇವರು ಜೈನರು, ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆಯುವವರು. ಅವನು ಬೀರೇಶ್ವರನ ಒಕ್ಕಲು, ಸುಡುಬಿಸಿಲಲ್ಲೂ ಹೆಗಲ ಕಂಬಳಿ ಇಳಿಸದ ಕುರುಬ. ಈ ಜೋಡಿ ಹೇಗೆ ಕೂಡಿತು ಎಂದು ಕೇಳುವವರಿಗೆ ತಾತ್ಯಾಸಾಹೇಬರು, "ಅಂವಗ ಮಾತು ಬರೂದಿಲ್ಲ, ನನಗ ಕುರಿ ಬರೂದಿಲ್ಲ, ಅದಕ್ಕ ಕೂಡೇವಿ" ಎಂದು ನಗುತ್ತಿದ್ದರು.

ಮಾತು ಬರುವುದಿಲ್ಲ ಎಂಬುದು ಅರ್ಧ ಸುಳ್ಳು. ಕುರಿಗಳ ಜೊತೆ ಜಕ್ಕಪ್ಪನಷ್ಟು ಮಾತಾಡುವವನು ಮುಧೋಳ ತಾಲೂಕಿನಲ್ಲೇ ಇಲ್ಲ. ಮನುಷ್ಯರ ಮುಂದೆ ಮಾತ್ರ ಅವನ ನಾಲಿಗೆ ಕಟ್ಟಿಹಾಕಿದಂತಾಗುತ್ತಿತ್ತು. ಹೇಳಬೇಕಾದ ಮಾತನ್ನು ಅವನು ಕೈಯಿಂದ ಮಾಡಿ ತೋರಿಸುತ್ತಿದ್ದ. ಅವನ ಇಡೀ ಬಾಳು ಹಾಗೇ ನಡೆದಿತ್ತು. ಅದರಿಂದಲೇ ಕೆಟ್ಟಿತು ಎಂದರೂ ಸುಳ್ಳಲ್ಲ.

ವ್ಯವಹಾರ ಬಲು ಸರಳ. ಲೋಕಾಪುರ, ಬೀಳಗಿ ಕಡೆಯ ತನ್ನ ಬೀಗರ, ಬಂಧುಗಳ ಹಿಂಡುಗಳನ್ನು ಜಕ್ಕಪ್ಪ ಬೇಸಿಗೆಗೆ ಕೂಡಿಸಿ ತರುತ್ತಿದ್ದ. ಕಬ್ಬು, ಅರಿಷಿಣ ಕಿತ್ತ ಹೊಲಗಳಲ್ಲಿ ರಾತ್ರಿ ಕುರಿ ಕೂಡಿಹಾಕಿದರೆ ಹೊಲದವರು ಅದಕ್ಕೆ ಹಣ ಕೊಡುತ್ತಿದ್ದರು. ಹಟ್ಟಿಗಳಲ್ಲಿ ಬಿದ್ದ ಹಿಕ್ಕೆಯನ್ನು ಒಣಗಿಸಿ, ಚೀಲ ತುಂಬಿ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಕಳಿಸುತ್ತಿದ್ದರು. ಗಿರಾಕಿ, ಗೋದಾಮು, ಟ್ರ್ಯಾಕ್ಟರು ತಾತ್ಯಾಸಾಹೇಬರವು. ಬಂದ ಹಣ ಅವರ ಖಾತೆಗೆ ಬೀಳುತ್ತಿತ್ತು, ಹಂಗಾಮು ಮುಗಿದ ಮೇಲೆ ಜಕ್ಕಪ್ಪನ ಪಾಲು ಅವನ ಕೈಗೆ ಬರುತ್ತಿತ್ತು. ಅವನು ಅದನ್ನು ಹಿಂಡಿನವರಿಗೆ ಹಂಚುತ್ತಿದ್ದ. ತಾತ್ಯಾಸಾಹೇಬರು ಹಾಕಿದ್ದು ಒಂದೇ ಕರಾರು: "ಕುರಿ ಮಾರೂ ಯವಾರದಾಗ ನನ್ನ ಸೇರಸಬ್ಯಾಡ. ಗೊಬ್ಬರ ಅಷ್ಟ." ಜಕ್ಕಪ್ಪ ಕಡೆಯತನಕ ಆ ಮಾತು ಮೀರಲಿಲ್ಲ.

ಕಾಗದ ಪತ್ರ ಏನೂ ಆಗಲಿಲ್ಲ. ಪಾಲುದಾರಿಕೆ ಶುರುವಾದ ದಿನ ಜಕ್ಕಪ್ಪ ಸೊಂಟದ ಬಟ್ಟೆಯ ಗಂಟು ಬಿಚ್ಚಿ, ಬೀರದೇವರ ಭಂಡಾರವನ್ನು ಚಿಟಿಕೆ ತೆಗೆದು, ತನ್ನ ಹಣೆಗೆ ಹಚ್ಚಿಕೊಂಡು, ಅನುಮಾನಿಸುತ್ತಾ ತಾತ್ಯಾಸಾಹೇಬರ ಮುಖ ನೋಡಿದ್ದ. ಅವರು ತಲೆಬಾಗಿ ಹಣೆ ಒಡ್ಡಿ, "ಹಚ್ಚೋ ಮಾರಾಯಾ, ಇದೂ ನಮ್ಮೂರ ಅರಿಷಿಣಾನ ಅಲ್ಲ?" ಎಂದಿದ್ದರು. ಭಂಡಾರವೆಂದರೆ ದೇವರ ಮುಂದಿಟ್ಟ ಅರಿಷಿಣ ಪುಡಿಯೇ ತಾನೆ. ಆ ದಿನ ಅವರ ಹಣೆಯ ಮೇಲೆ ಹಳದಿ ಸಂಜೆಯವರೆಗೂ ಇತ್ತು. ಒರೆಸಿಕೊಳ್ಳಲಿಲ್ಲವಲ್ಲ ಎಂಬುದೇ ಜಕ್ಕಪ್ಪನಿಗೆ ದೊಡ್ಡ ಮಾತಾಗಿತ್ತು.

ಅಂದಿನಿಂದ ಪ್ರತಿ ಬೇಸಿಗೆ ಮೊದಲ ರಾತ್ರಿಯ ಕುರಿಹಟ್ಟಿ ತಾತ್ಯಾಸಾಹೇಬರ ಸ್ವಂತ ಹೊಲದಲ್ಲೇ ಬೀಳುತ್ತಿತ್ತು. ಅದಕ್ಕೆ ಹಣವಿಲ್ಲ, ಲೆಕ್ಕವಿಲ್ಲ. ಹಿಂಡು ಬರುವ ಹೊತ್ತಿಗೆ ಅವರ ಹೆಂಡತಿ ಅನುಸೂಯಾ ಬಾವಿಯ ಪಂಪು ಹಾಕಿ, ಕಲ್ಲಿನ ದೋಣಿ ತುಂಬ ನೀರು ಬಿಟ್ಟಿರುತ್ತಿದ್ದರು. ಜಕ್ಕಪ್ಪ ಅವರನ್ನು ಸ್ವಂತ ಅತ್ತಿಗೆಯಂತೆ ವೈನಿ ಎಂದೇ ಕರೆಯುತ್ತಿದ್ದ. ಹಿಂಡಿನ ಮುಂದೆ ನಡೆಯುವ ಕುರಿ ಕೆಂಚಿಗೆ ಆ ಹೊಲದ ದಾರಿ ಎಷ್ಟು ರೂಢಿಯಾಗಿತ್ತೆಂದರೆ, ತಿರುವಿನಲ್ಲಿ ಯಾರೂ ಕೂಗಬೇಕಾಗಿರಲಿಲ್ಲ, ಅದೇ ಹೊರಳುತ್ತಿತ್ತು.

ಇಷ್ಟು ಗಟ್ಟಿಯಾದದ್ದು ಮುರಿಯಲು ಒಂದು ಲಾರಿ ಚೀಲ ಸಾಕಾಯಿತು. ಅಕಾಲದ ಮಳೆಯಾದ ವಾರ ತಿಕೋಟಾಕ್ಕೆ ಹೋದ ಮಾಲು ತೇವ ಹಿಡಿದು ಬಿಸಿಯಾಗಿದೆ, ನಾತ ಹೊಡೆಯುತ್ತಿದೆ ಎಂದು ತೋಟದವನು ಹೊರಳಿಸಿ ಕಳಿಸಿದ. ಆ ಲಾರಿಯ ಹಣವೂ ಕೊಡಲಿಲ್ಲ, ಹಿಂದಿನ ಬಾಕಿಯನ್ನೂ ತಡೆಹಿಡಿದ. ಹಿಕ್ಕೆ ಒಣಗಿಸದೆ ಚೀಲ ತುಂಬಿದ್ದೀರಿ ಎಂದು ತಾತ್ಯಾಸಾಹೇಬರು. ಒಣಗಿಸಿಯೇ ತುಂಬಿದ್ದು, ನಿಮ್ಮ ಗೋದಾಮಿನ ತಗಡು ಸೋರಿದೆ ಎಂದು ಜಕ್ಕಪ್ಪ. ಇಬ್ಬರೂ ಹೇಳಿದ್ದು ನಿಜವೇ ಇರಬೇಕು. ಕೆಲವು ಚೀಲ ಅಲ್ಲಿ ಕೆಟ್ಟಿರಬಹುದು, ಕೆಲವು ಇಲ್ಲಿ. "ಅಂವಾ ಕೊಡೂತನಕ ನಾ ಎಲ್ಲಿಂದ ಕೊಡ್ಲಿ?" ಎಂದು ತಾತ್ಯಾಸಾಹೇಬರು ಜಕ್ಕಪ್ಪನ ಇಡೀ ಹಂಗಾಮಿನ ಪಾಲನ್ನೇ ನಿಲ್ಲಿಸಿದರು. ಜಕ್ಕಪ್ಪ ಎದ್ದು ಬಂದ. ಆಮೇಲೆ ಇವರೂ ಫೋನು ಮಾಡಲಿಲ್ಲ, ಅವನೂ ಮಾಡಲಿಲ್ಲ. ದೀಪಾವಳಿ ಬಂತು, ಹೋಯಿತು.

ಹಿಂಡಿನವರು ಸುಮ್ಮನಿರುತ್ತಾರೆಯೇ? ಅವರು ತಾತ್ಯಾಸಾಹೇಬರ ಮುಖ ನೋಡಿ ಕುರಿ ಕಳಿಸಿದವರಲ್ಲ. ಜಕ್ಕಪ್ಪ ಯಾರಿಗೂ ಹೇಳದೆ ತನ್ನ ಹಿಂಡಿನ ಅರ್ಧ ಮಾರಿ ಅವರ ಬಾಕಿ ತೀರಿಸಿದ. ಹೆಂಡತಿ ಸುಂದರವ್ವ ಅರ್ಧ ಖಾಲಿಯಾದ ದೊಡ್ಡಿಯ ಮುಂದೆ ಕುಳಿತು ಒಂದು ದಿನ ಪೂರ್ತಿ ಉಣ್ಣಲಿಲ್ಲ.

ಹೆಂಡತಿಯ ತಮ್ಮ ಗುರುಪಾದ ಮಾತ್ರ ಕುದಿಯುತ್ತಿದ್ದ. "ಮಾಮಾ, ದೈವ ಕೂಡಸೂಣು, ಪಂಚಾಯ್ತಿ ಮಾಡೂಣು. ನಮ್ಮ ಹಿರಿಯಾರ ಮುಂದ ಅವರು ಬಂದು ನಿಂದರಲಿ."

"ನಮ್ಮ ಮಂದಿ ನಡಕ ಅವರೊಬ್ಬರ ಬಂದು ನಿಂದರಬೇಕೇನು? ಅದು ನ್ಯಾಯ ಅಲ್ಲಲೇ," ಎಂದ ಜಕ್ಕಪ್ಪ.

"ಹಂಗಾರ ಕೋರ್ಟಿಗಿ ಹೋಗು."

ಕೋರ್ಟಿನ ಮಾತನ್ನೂ ಕೇಳಿ ನೋಡಿದ್ದಾಯಿತು. ಜಮಖಂಡಿಯ ವಕೀಲರು ಪಾಲುದಾರಿಕೆ ನೋಂದಣಿ ಆಗಿದೆಯೇ ಎಂದು ಕೇಳಿದರು. ಇಲ್ಲ ಎಂದಾಗ, ಹಾಗಾದರೆ ಪಾಲು ಕೊಡಿ ಎಂದು ಸುಮ್ಮನೆ ದಾವೆ ಹಾಕಲು ಬರುವುದಿಲ್ಲ, ಪಾಲುದಾರಿಕೆಯನ್ನೇ ಮುರಿದು ಲೆಕ್ಕ ಮಾಡಿಕೊಡಿ ಎಂದು ಕೇಳಬೇಕಾಗುತ್ತದೆ ಎಂದರು. ಮುರಿದು ಎಂಬ ಮಾತು ಕಿವಿಗೆ ಬಿದ್ದದ್ದೇ ಜಕ್ಕಪ್ಪ ಎದ್ದು ನಿಂತ. ಅವನಿಗೆ ಹಣ ಬೇಕಾಗಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಹಣಕ್ಕಿಂತ ಮೊದಲು ತಾತ್ಯಾ ಬೇಕಾಗಿತ್ತು.

ದಾರಿ ತೋರಿಸಿದವಳು ಮಗಳು ಪೂನಮ್. ಅವಳು ಜಮಖಂಡಿ ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿ. "ಅಪ್ಪಾ, ಕೇಸಿಗಿಂತ ಮೊದ್ಲ ಮಧ್ಯಸ್ಥಿಕಿ ಅಂತ ಐತಿ. ನಡಕ ಒಬ್ಬರು ಕುಂದರತಾರ. ಅವರು ತೀರ್ಪು ಕೊಡೂದಿಲ್ಲ. ನಿಮ್ಮಿಬ್ಬರ ಮಾತ ನಿಮ್ಮಿಬ್ಬರಿಗಿ ಕೇಳೂವಂಗ ಮಾಡತಾರ. ಇಬ್ಬರೂ ಒಪ್ಪಿದ್ರಷ್ಟ ಬರಿಯೂದು. ಒಪ್ಪಲಿಲ್ಲ ಅಂದ್ರ ಎದ್ದು ಬರೂದು. ಆದ್ರ ನಾ ನಿನ್ನ ಮಗಳು, ಇದರಾಗ ನಾ ಕೈ ಹಾಕೂದಿಲ್ಲ."

"ಸಮಿತಿಯಿಂದ ಅವರಿಗಿ ನೋಟೀಸು ಹೋಗತೈತೇನು?"

"ಹೋಗತೈತಿ. ಆದ್ರ ಮೊದ್ಲ ನೀನ ಹೋಗಿ ಹೇಳು. ಯಾರು ಕುಂದರಬೇಕನ್ನೂದು ಅವರೂ ಹೇಳಲಿ. ಕಾಗದ ನೋಡಿ ಸಿಟ್ಟಾಗೂ ಮನಿಶಾ ನಿನ್ನ ಮಾರಿ ನೋಡಿ ಸಿಟ್ಟಾಗಲಿಕ್ಕಿಲ್ಲ."

ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದವಳು ಅವಳಲ್ಲ.

ಜಕ್ಕಪ್ಪ ಹೇಳಬೇಕಾದ್ದನ್ನು ಮೇಯಿಸುವಾಗ ಕುರಿಗಳಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡ. ಅವನು ಹೋದದ್ದು ಸಂತೆಯ ದಿನ, ಅಂಗಡಿ ತುಂಬ ರೈತರು. ಅವನನ್ನು ಕಂಡದ್ದೇ ತಾತ್ಯಾಸಾಹೇಬರ ಮುಖದಲ್ಲಿ ಏನೋ ಸಡಿಲಾಯಿತು. ಬೇರೆ ಯಾರಿಗೂ ಕಾಣದಿರಬಹುದು, ಅವನಿಗೆ ಕಂಡಿತು.

"ಬಾ ಜಕ್ಕಣ್ಣ. ಕುಂದರು."

ಅವನು ಕುಳಿತುಕೊಳ್ಳದೆ, ಕಲಿತ ಪಾಠ ಒಪ್ಪಿಸುವವನಂತೆ ಶುರು ಮಾಡಿದ. "ತಾತ್ಯಾರ, ನೀವು ಹೇಳೂದು ನಿಮಗ ಖರೆ. ನಾ ಹೇಳೂದು ನನಗ ಖರೆ. ನಾವಿಬ್ಬರ ಕುಂತ್ರ ಇದು ಹರಿಯೂದಿಲ್ಲ. ನಡಕ ಒಬ್ಬರು ಇರ್ಲಿ. ನಮ್ಮ ಮಂದೀನೂ ಬ್ಯಾಡ, ನಿಮ್ಮ ಮಂದೀನೂ ಬ್ಯಾಡ. ಜಮಖಂಡಿ ಕೋರ್ಟಿನಾಗ ಅಂಥಾವ್ರು ಅದಾರಂತ. ಇದು ಕೇಸಲ್ರಿ. ನಿಮಗ ಸರಿ ಅನಸಲಿಲ್ಲಂದ್ರ ಎದ್ದು ಬರಬಹುದು. ಯಾರು ಅನ್ನೂದು ನೀವ ಹೇಳ್ರಿ."

ಜಕ್ಕಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ತಾತ್ಯಾಸಾಹೇಬರು ಜನ್ಮದಲ್ಲಿ ಕೇಳಿರಲಿಲ್ಲ. ಅವರಿಗೂ ಈ ಎಂಟು ತಿಂಗಳು ಮುಳ್ಳಾಗಿತ್ತು. "ಮುಧೋಳದ ಸರಿತಾ ಅಂತ ಒಬ್ಬರು ವಕೀಲರು ಅದಾರ," ಎಂದರು. "ಈ ಕೆಲಸದ ತರಬೇತಿ ಆಗೇತಂತ ಅವರಿಗೆ. ನಮಗೂ ಬಳಗ ಅಲ್ಲ, ನಿಮಗೂ ಅಲ್ಲ. ಅವರು ಆದ್ರ ನಾ ಬರ್ತೀನಿ. ಆತು?"

"ಆತ್ರಿ," ಎಂದ ಜಕ್ಕಪ್ಪ. ಅವನ ಎದೆ ತುಂಬಿ ಬಂತು. ಇಲ್ಲಿಗೆ ನಿಲ್ಲಿಸಿ, ಒಂದು ಕಪ್ ಚಹಾ ಕುಡಿದು ಎದ್ದು ಬಂದಿದ್ದರೆ ಈ ಕತೆಯನ್ನು ಯಾರೂ ಹೇಳಬೇಕಾಗುತ್ತಿರಲಿಲ್ಲ.

ಆದರೆ ಮಾತು ಮುಗಿದಿತ್ತಲ್ಲ, ಇನ್ನು ಅವನ ಕೈ ಮಾತಾಡಬೇಕಿತ್ತು. ಒಳ್ಳೆಯ ಕೆಲಸಕ್ಕೆ ಇಬ್ಬರು ಒಪ್ಪಿದರೆ ಅವನ ಮಂದಿ ಮೊದಲು ಮಾಡುವುದು ಒಂದೇ, ಇಬ್ಬರ ಹಣೆಗೂ ಭಂಡಾರ. ಅವನು ಸೊಂಟದ ಗಂಟು ಬಿಚ್ಚಿ, ಚಿಟಿಕೆ ಹಳದಿ ತೆಗೆದು, ತಾತ್ಯಾಸಾಹೇಬರತ್ತ ಕೈ ಚಾಚಿದ.

ಪೇಟೆಯವರಿಗೆ ಭಂಡಾರದ ಇನ್ನೊಂದು ಅರ್ಥವೇ ಹೆಚ್ಚು ಪರಿಚಯ. ಹಣದ ಜಗಳದಲ್ಲಿ ಕುರುಬ ಭಂಡಾರ ತೆಗೆದನೆಂದರೆ, ಮುಟ್ಟಿ ಆಣೆ ಮಾಡು ಎಂದೇ ಲೆಕ್ಕ. ಮುಟ್ಟಿದವನು ಸುಳ್ಳು ಹೇಳಿದರೆ ಮನೆ ಹಾಳಾಗುತ್ತದೆ, ಮುಟ್ಟದವನು ಕಳ್ಳ. ಬೀಜದ ಚೀಲ ಹೊತ್ತು ನಿಂತಿದ್ದ ಗಿರಿಮಲ್ಲಪ್ಪ ಅದನ್ನು ಕೆಳಗಿಳಿಸಿ, "ಅಬ್ಬಾ, ಭಂಡಾರನ ತಗದಾನಲೇ!" ಎಂದ. ಹಿಂದೆ ನಿಂತವರು ಮುಂದೆ ಬಾಗಿದರು.

ತಾತ್ಯಾಸಾಹೇಬರು ಆ ಚಾಚಿದ ಕೈ ನೋಡಿದರು, ತಮ್ಮನ್ನೇ ನೋಡುತ್ತಿದ್ದ ಗಿರಾಕಿಗಳನ್ನು ನೋಡಿದರು. ಮಾತಿನ ಮೇಲೆ ಉದ್ರಿ ಕೊಟ್ಟು, ಮಾತಿನ ಮೇಲೆ ವಸೂಲಿ ಮಾಡಿ ಬದುಕಿದ ಅಂಗಡಿ ಅದು.

"ಆಣಿ ಮಾಡಸಾಕ ಬಂದೀ ಏನ್ ಜಕ್ಕಪ್ಪ?" ಎಂದರು. ಜಕ್ಕಣ್ಣ ಹೋಗಿ ಜಕ್ಕಪ್ಪ ಆಗಿದ್ದ.

"ಅಲ್ರಿ ತಾತ್ಯಾರ... ಇದು..." ಅವನ ನಾಲಿಗೆ ಎಂದಿನಂತೆ ಕಟ್ಟಿತು. ಚಿಟಿಕೆ ಹಳದಿ ಬೆರಳ ಸಂದಿಯಿಂದ ಗಲ್ಲಾಪೆಟ್ಟಿಗೆಯ ಮೇಲೆ ಉದುರಿತು.

"ಬರ್ತೀನಿ ಅಂದೀನಿ, ಬರ್ತೀನಿ. ನೀ ಇನ್ನ ಹೋಗು."

ಸಂಜೆಯ ಹೊತ್ತಿಗೆ ಆ ಮಾತು ರಬಕವಿ ಮುಟ್ಟಿತ್ತು. ಕುರುಬರ ಹಣ ನುಂಗಿದ ಸಾವಕಾರ ಭಂಡಾರ ಮುಟ್ಟಲು ಹೆದರಿದ, ಎಂದು. ಗಿರಿಮಲ್ಲಪ್ಪ ಕೆಟ್ಟವನೇನಲ್ಲ, ಕಂಡದ್ದನ್ನು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುವವನು, ಅಷ್ಟೇ. ಅಂಥವರು ಮಾಡುವಷ್ಟು ಕೇಡನ್ನು ಕೆಟ್ಟವರು ಮಾಡಲಾರರು.

ಹೇಳಿದ ದಿನಕ್ಕೆ ತಾತ್ಯಾಸಾಹೇಬರು ಜಮಖಂಡಿಗೆ ಬಂದರು. ಒಂದು ಸಣ್ಣ ಕೋಣೆ, ದುಂಡು ಮೇಜು. ಸರಿತಾ ಮೇಡಂ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದರು. "ನಾನು ನ್ಯಾಯಾಧೀಶಳಲ್ಲ, ಯಾರದು ತಪ್ಪು ಅಂತ ಹೇಳೂದಿಲ್ಲ. ನಿಮ್ಮಿಬ್ಬರ ಪೈಕಿ ಯಾರ ಜೋಡೀನೂ ನನಗ ಯವಾರ ಇಲ್ಲ. ಇಲ್ಲಿ ಆಡಿದ ಮಾತು ಮುಂದ ಕೋರ್ಟಿನಾಗ ಯಾರೂ ತರಾಕ ಬರೂದಿಲ್ಲ. ಒಬ್ಬೊಬ್ಬರನ್ನ ಬ್ಯಾರೆ ಕರದು ಮಾತಾಡತೀನಿ. ಆಗ ನೀವು ಹೇಳಿದ್ದನ್ನ, ನೀವು ಹೂಂ ಅಂದ್ರ ಮಾತ್ರ ಇನ್ನೊಬ್ಬರಿಗೆ ಹೇಳತೀನಿ. ಇಲ್ಲಂದ್ರ ಅದು ನನ್ನ ಹೊಟ್ಟ್ಯಾಗ ಇರತೈತಿ. ನನ್ನ ಬಗ್ಗೆ ತಕರಾರು ಇದ್ರ ಈಗ ಹೇಳ್ರಿ."

ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು.

ಚೀಲದ ಲೆಕ್ಕ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎಂಟು ತಿಂಗಳು ಇಬ್ಬರ ನಿದ್ದೆ ಕೆಡಿಸಿದ್ದು, ಕೂತು ಕೇಳುವವರೊಬ್ಬರು ನಡುವೆ ಇದ್ದಾಗ ಅರ್ಧ ಮಧ್ಯಾಹ್ನದಲ್ಲಿ ತಿಳಿಯಾಯಿತು. ಕೆಟ್ಟ ಲಾರಿಯ ನಷ್ಟ ಇಬ್ಬರಿಗೂ ಸಮ, ಉಳಿದ ಪಾಲನ್ನು ತೋಟದವನು ಕೊಡಲಿ ಬಿಡಲಿ ತಾತ್ಯಾಸಾಹೇಬರು ಕೊಡುವುದು. ಆಮೇಲೆ ಮೇಡಂ ಜಕ್ಕಪ್ಪನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದರು. "ರೊಕ್ಕದ್ದು ಆತು. ಮತ್ತೇನರೆ ಐತೇನು ನಿಮ್ಮ ಮನಸ್ಸಿನಾಗ?"

ಯಾರೂ ಹಾಗೆ ಕೇಳಿರಲಿಲ್ಲ. ಜಕ್ಕಪ್ಪನ ಕಣ್ಣು ತುಂಬಿತು. "ರೊಕ್ಕ ಇರ್ಲಿ ಬಿಡ್ರಿ ಬಾಯಾರ. ಅವರು ಮೊದಲಿನಂಗ ನನ್ನ ಜಕ್ಕಣ್ಣ ಅಂತ ಕರದ್ರ ಸಾಕು. ಕುರಿ ಅರ್ಧ ಮಾರೀನ್ರಿ, ಅದಕ್ಕ ಅತ್ತಿಲ್ಲ ನಾ. ಅವರು ನನ್ನ ಹೊರಗಿನಾಂವ ಮಾಡಿದ್ರು, ಅದು ತಡಿಯಾಕ ಆಗವಲ್ದು."

"ಇದನ್ನ ಅವರಿಗೆ ಹೇಳ್ಲೇನು?"

ಜಕ್ಕಪ್ಪ ಗಾಬರಿಯಾದ. ಕುರಿ ಮಾರಿದ್ದು ತಿಳಿದರೆ ಕರುಣೆಗೆ ಕರೆದಾರು, ಅಳುತ್ತಾನೆ ಎಂದು ತಿಳಿದರೆ ನಾಟಕ ಎಂದಾರು. "ಬ್ಯಾಡ್ರಿ. ನಿಮ್ಮ ಹತ್ರ ಇರ್ಲಿ."

ತಾತ್ಯಾಸಾಹೇಬರ ಜೊತೆ ಬೇರೆ ಮಾತಾಡಿ ಬಂದಾಗ ಮೇಡಂ ಮುಖ ಒಂಥರಾ ಆಗಿತ್ತು. ಬಂದವರೇ ಮತ್ತೊಮ್ಮೆ ಕೇಳಿದರು. "ಖರೇನ ಹೇಳೂದು ಬ್ಯಾಡೇನು? ಇಲ್ಲಾ, ನೀವ ಅವರ ಮುಂದ ಹೇಳತೀರೇನು?" ಜಕ್ಕಪ್ಪ ಬೇಡವೆಂದು ತಲೆಯಾಡಿಸಿದ. ಅವರು ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದರು. ಕೊಟ್ಟ ಮಾತಿಗೆ ಅವರೂ ಕಟ್ಟುಬಿದ್ದವರು. ಅತ್ತ ಕಡೆಯವರು ಏನು ಹೇಳಿದ್ದರೋ, ಅದೂ ಅವರ ಹೊಟ್ಟೆಯಲ್ಲೇ ಇತ್ತು.

ಕಡೆಗೆ ಇಬ್ಬರನ್ನೂ ಎದುರು ಬದುರು ಕೂರಿಸಿದಾಗ, ಜಕ್ಕಪ್ಪ ಒಂದನ್ನಾದರೂ ಹೇಳಿದ. "ತಾತ್ಯಾರ, ಅವತ್ತಿಂದು ಆಣಿ ಅಲ್ರಿ. ಮೊದಲ್ನೇ ದಿನ ಹಚ್ಚಿದ್ನೆಲ್ರಿ, ಹಂಗ."

ತಾತ್ಯಾಸಾಹೇಬರು ಮೇಜು ನೋಡುತ್ತಾ ಕುಳಿತಿದ್ದರು. "ನನಗ ಗೊತ್ತೈತಿ. ನೀ ಕೈ ಚಾಚಿದಾಗನ ಗೊತ್ತಿತ್ತು. ಆದ್ರ ಅಂಗಡ್ಯಾಗ ಇದ್ದ ಮಂದಿಗಿ ಗೊತ್ತಿಲ್ಲಲ್ಲ. ಮೊನ್ನಿ ಒಬ್ಬಾಂವ ಬಂದು, ಉದ್ರಿ ಲೆಕ್ಕ ಬರದು ಕೊಡ್ರಿ ಸಾವಕಾರ್ರ, ಬರೇ ಮಾತು ಬ್ಯಾಡ ಅಂದ. ನಮ್ಮಪ್ಪನ ಕಾಲದಿಂದ ನಮಗ ಯಾರೂ ಹಂಗ ಅಂದಿದ್ದಿಲ್ಲ." ಅವರು ಮೇಜಿನಿಂದ ಕಣ್ಣೆತ್ತಿದರು. "ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಬಾಜೂಕ ಕುಂತ್ರ ಮಂದಿ ಅದನ್ನ ನೆನಸತಾರ. ಇಲ್ಲಿಗಿ ಮುಗಸೂಣು."

ಮೇಡಂ ಬರೆಯುವ ಮೊದಲು ಇಬ್ಬರನ್ನೂ ಕೇಳಿದರು, ಇವತ್ತೇ ಮುಗಿಸಬೇಕೆಂದಿಲ್ಲ, ಇನ್ನೊಂದು ದಿನ ಕೂರೋಣವೇ ಎಂದು. ತಾತ್ಯಾಸಾಹೇಬರು ಬೇಡವೆಂದರು. ಅವರು ಬೇಡವೆಂದದ್ದಕ್ಕೆ ಜಕ್ಕಪ್ಪನೂ ಬೇಡವೆಂದ. ಹಣ ತಿಂಗಳೊಳಗೆ ಬ್ಯಾಂಕಿಗೆ, ಪಾಲುದಾರಿಕೆ ಮುಕ್ತಾಯ, ಇನ್ನು ಮುಂದೆ ಒಬ್ಬರಿಂದ ಒಬ್ಬರಿಗೆ ಬರಬೇಕಾದ್ದು ಏನೂ ಇಲ್ಲ. ಓದಿ ಹೇಳಿದ ಮೇಲೆ ಇಬ್ಬರೂ ಸಹಿ ಹಾಕಿದರು, ಮೇಡಂ ಕೂಡ. ಏನೂ ಇಲ್ಲ ಎಂಬ ಮಾತು ಜಕ್ಕಪ್ಪನ ಎದೆಯಲ್ಲಿ ಕಲ್ಲಾಗಿ ಕುಳಿತಿತು.

ಹಣ ಹೇಳಿದ ವಾಯಿದೆಗಿಂತ ಮೊದಲೇ ಬಂತು. ಗುರುಪಾದ ಪೇಢೆ ತಂದ. "ನೋಡು, ಕೋರ್ಟು ಕಚೇರಿ ಇಲ್ಲದ ಎಲ್ಲಾ ಬಂತು!" ಎಂದ. ಪೂನಮ್ ಅಪ್ಪನ ಮುಖ ನೋಡಿ ಪೇಢೆ ಮುಟ್ಟಲಿಲ್ಲ.

ಈ ಬೇಸಿಗೆಯಲ್ಲಿ ಜಕ್ಕಪ್ಪ ಉಳಿದ ಕುರಿಗಳನ್ನು ಹೊಡೆದುಕೊಂಡು ಮತ್ತೆ ಆ ದಾರಿಯಲ್ಲೇ ಬಂದ. ರಬಕವಿ ಆಚೆಯ ಒಂದು ಕಬ್ಬಿನ ಹೊಲದವರು ಕುರಿ ಕೂಡಿಸಲು ಕರೆದಿದ್ದರು. ಬಿಸಿಲು ಇಳಿಯುವ ಹೊತ್ತು. ತೇರದಾಳದ ತಿರುವಿನಲ್ಲಿ ಅವನು ಮೈಮರೆತಿದ್ದನೋ, ಬೇಕೆಂದೇ ಸುಮ್ಮನಿದ್ದನೋ, ಕೆಂಚಿ ರೂಢಿಯಂತೆ ಎಡಕ್ಕೆ ಹೊರಳಿತು. ಹಿಂಡೆಲ್ಲ ಅದರ ಹಿಂದೆ ಓಡಿ ತಾತ್ಯಾಸಾಹೇಬರ ಹೊಲದ ಮುಳ್ಳುಗೇಟಿನ ಮುಂದೆ ನಿಂತಿತು.

ಗೇಟು ಹಾಕಿತ್ತು. ಒಳಗೆ ಅರಿಷಿಣ ಕಿತ್ತ ಹೊಲ ಖಾಲಿ ಬಿದ್ದಿತ್ತು. ಬಾವಿಯ ಪಕ್ಕದ ಕಲ್ಲಿನ ದೋಣಿ ತುಂಬಿ, ಅಂಚಿನಿಂದ ನೀರು ಇನ್ನೂ ಸೋರುತ್ತಿತ್ತು. ಈಗಷ್ಟೇ ಯಾರೋ ಪಂಪು ಹಾಕಿ ಬಿಟ್ಟ ನೀರು. ಅವರ ಮನೆಯಲ್ಲಿ ದನಗಳಿಲ್ಲ. ಆ ದೋಣಿಯಲ್ಲಿ ಕುಡಿಯುವವು ವರ್ಷಕ್ಕೊಮ್ಮೆ ಬರುವ ಈ ಕುರಿಗಳು ಮಾತ್ರ.

ಜಕ್ಕಪ್ಪ ಗೇಟಿನ ಬೊಂಬು ಹಿಡಿದು ನಿಂತ. ಹೊಲದ ಮನೆಯ ಪಡಸಾಲೆಯಲ್ಲಿ ತಾತ್ಯಾಸಾಹೇಬರ ಬಿಳಿ ಅಂಗಿ ಎದ್ದು ನಿಂತದ್ದು ಕಂಡಿತು. ಅದು ಇತ್ತ ಬರಲಿಲ್ಲ, ಒಳಗೂ ಹೋಗಲಿಲ್ಲ. ಅವರು ಕರೆದಿದ್ದರೆ ಸಾಕಿತ್ತು, ಇಲ್ಲ ಇವನಾದರೂ ಕೂಗಿದ್ದರೆ ಸಾಕಿತ್ತು. ಬೊಂಬು ಸರಿಸಲು ಒಂದು ಕೈಯೇ ಬೇಕು. ಆದರೆ ಕೈ ಮಾತಾಡಿ ಎಲ್ಲ ಕೆಡಿಸಿದ್ದು ಅವನಿಗೆ ಗೊತ್ತಿತ್ತು. ಈ ಸಲ ಕೈಯನ್ನು ಅವನು ಕಂಬಳಿಯೊಳಗೆ ಬಿಗಿಹಿಡಿದುಕೊಂಡ. ಏನೂ ಇಲ್ಲ ಎಂದು ತಾನೇ ಸಹಿ ಹಾಕಿದ್ದ.

"ಹೊರಳ ಕೆಂಚಿ, ಹೊರಳವ್ವಾ," ಎಂದ. ಅದು ನೀರಿನ ವಾಸನೆ ಹಿಡಿದು ಗೇಟಿಗೆ ಮೂಗು ಒತ್ತಿ ಅಲುಗಾಡದೆ ನಿಂತಿತ್ತು. ಬಾಯಿಮಾತಿಗೆ ಅದು ಕೇಳದಿದ್ದುದು ಅದೇ ಮೊದಲು. ಜನ್ಮದಲ್ಲಿ ಒಮ್ಮೆಯೂ ಅದಕ್ಕೆ ಕೋಲು ಮುಟ್ಟಿಸದವನು, ಅಳುತ್ತಾ, ಅದರ ಬೆನ್ನಿಗೆ ಒಂದು ಏಟು ಹಾಕಿದ. ಬಾಯಾರಿದ ಹಿಂಡು ಅರಚುತ್ತಾ ರಬಕವಿಯ ದಾರಿ ಹಿಡಿಯಿತು.